ಉಪ್ಪುನೀರಿನಲ್ಲಿಟ್ಟ ಬಿಳಿ ಚೀಸ್: ಉಪ್ಪಿನ ಲೆಕ್ಕ ಮತ್ತು ಗಟ್ಟಿತನದ ಗುಟ್ಟು

ಮುಂಬಯಿಯ ಪಾರಸಿ ಮನೆಗಳಲ್ಲಿ ‘ಟೋಪ್ಲಿ ಪನೀರ್’ ಎಂಬ ಒಂದು ತಿನಿಸುಂಟು. ಹಾಲಿಗೆ ರೆನ್ನೆಟ್ ಬೆರೆಸಿ ಹೆಪ್ಪುಗಟ್ಟಿಸಿ, ಪುಟ್ಟ ಬುಟ್ಟಿಗಳಲ್ಲಿ ನೀರಿಳಿಸಿ, ಉಪ್ಪು ಬೆರೆಸಿದ ತಿಳಿನೀರಿನಲ್ಲಿಯೇ ಅದನ್ನು ತೇಲಬಿಟ್ಟಿರುತ್ತಾರೆ. ಸುರತ್ತಿನ ಕಡೆಯಿಂದ ಬಂದುದರಿಂದ ಇದಕ್ಕೆ ‘ಸುರತಿ ಪನೀರ್’ ಎಂಬ ಹೆಸರೂ ಇದೆ. ಗ್ರೀಸ್ ದೇಶದ ಫೆಟಾ ಇದೇ ಕುಲಕ್ಕೆ ಸೇರಿದ್ದು. ಆದರೆ ಟೋಪ್ಲಿ ಪನೀರು ಮೃದುವಾಗಿದ್ದಾಗಲೇ ಖರ್ಚಾಗುವುದು, ಫೆಟಾ ಉಪ್ಪುನೀರಿನಲ್ಲಿ ಎರಡು ತಿಂಗಳಾದರೂ ಹಣ್ಣಾಗುವುದು. ಕುರಿಯ ಹಾಲಿನಿಂದ, ಹೆಚ್ಚೆಂದರೆ ಅದಕ್ಕೆ ಸ್ವಲ್ಪ ಮೇಕೆಯ ಹಾಲು ಸೇರಿಸಿ, ಗ್ರೀಸಿನಲ್ಲಿಯೇ ತಯಾರಿಸಿದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಯೂರೋಪಿನ ಒಕ್ಕೂಟವು 2002ರಲ್ಲಿ ನಿಯಮ ಮಾಡಿತು. ಆದುದರಿಂದ ಘಾಟ್ಕೋಪರಿನ ಅಡುಗೆಮನೆಯಲ್ಲಿ ಆಗುವುದು ಫೆಟಾ ಅಲ್ಲ, ಅದರ ರೀತಿಯ ಬಿಳಿ ಚೀಸ್.

ಕುರಿಯ ಹಾಲಿಲ್ಲವೆಂದು ಕೊರಗಬೇಕಾಗಿಲ್ಲ. ಮುಂಬಯಿಯಲ್ಲಿ ಧಾರಾಳವಾಗಿ ದೊರೆಯುವ ಎಮ್ಮೆಯ ಹಾಲು ಬೆಳ್ಳಗಿದ್ದು, ಗಟ್ಟಿಯಾದ ಹೆಪ್ಪನ್ನು ಕೊಡುತ್ತದೆ. ಆದರೆ ನಮ್ಮವರಿಗೆ ಹುಟ್ಟಿನಿಂದ ಬಂದ ಒಂದು ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ: ಹಾಲನ್ನು ಉಕ್ಕಿಸಿ ಕಾಯಿಸಬಾರದು. ಕುದಿದ ಹಾಲಿನಲ್ಲಿ ರೆನ್ನೆಟ್ ಸರಿಯಾಗಿ ಕೆಲಸ ಮಾಡದೆ ಹೆಪ್ಪು ಲೊಳಲೊಳನೆ ಉಳಿಯುತ್ತದೆ. ಪ್ಯಾಕೆಟ್ಟಿನ ಪಾಶ್ಚರೀಕರಿಸಿದ ಹಾಲನ್ನು 35 ಡಿಗ್ರಿಯವರೆಗೆ, ಅಂದರೆ ಬೆರಳಿಗೆ ಉಗುರುಬೆಚ್ಚಗೆ ತೋರುವಷ್ಟು ಬಿಸಿ ಮಾಡಿದರೆ ಸಾಕು. ತಬೇಲಾದಿಂದ ಬಂದ ಹಸಿ ಹಾಲಾದರೆ ಮೊದಲು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇರಿಸಿ ತಣಿಸಲೇಬೇಕು. ಉಪ್ಪುನೀರು ರೋಗಾಣುಗಳನ್ನೆಲ್ಲ ಕೊಲ್ಲುತ್ತದೆಂಬುದು ತಪ್ಪು ನಂಬಿಕೆ, ಗರ್ಭಿಣಿಯರಿರುವ ಮನೆಯಲ್ಲಂತೂ ಅಪಾಯಕರವಾದ ನಂಬಿಕೆ. ಸಸ್ಯಾಹಾರಿಗಳು ಕರುವಿನ ಜಠರದಿಂದ ತೆಗೆದ ರೆನ್ನೆಟ್ಟಿಗೆ ಬದಲಾಗಿ ಸೂಕ್ಷ್ಮಜೀವಿಗಳಿಂದ ಪಡೆದುದನ್ನು ಬಳಸಬಹುದು.

ಬೆಚ್ಚನೆಯ ಎರಡು ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಹುಳಿ ಮೊಸರನ್ನು ಕದಡಿ, ಒಂದು ಗಂಟೆ ಬಿಟ್ಟು, ಡಬ್ಬಿಯ ಮೇಲೆ ಹೇಳಿದ ಪ್ರಮಾಣದ ರೆನ್ನೆಟ್ಟನ್ನು ತಣ್ಣೀರಿನಲ್ಲಿ ಕರಗಿಸಿ ಬೆರೆಸಬೇಕು. ಮುಕ್ಕಾಲು ಗಂಟೆಯಲ್ಲಿ ಹೆಪ್ಪು ಚಾಕುವಿನ ಅಲಗಿಗೆ ಅಂಟದಂತೆ ಸೀಳುತ್ತದೆ. ಅದನ್ನು ಚಿಕ್ಕ ಚೌಕಗಳಾಗಿ ಕೊಯ್ದು, ತಿಳಿನೀರು ಮೇಲೆ ಬಂದ ಬಳಿಕ ತೆಳುಬಟ್ಟೆ ಹಾಸಿದ ಬುಟ್ಟಿಗೆ ಸುರಿದು ನೀರಿಳಿಯಬಿಡಬೇಕು. ಐದಾರು ಗಂಟೆಯ ಅನಂತರ ಗಡ್ಡೆಯ ಒಂದು ಚೂರನ್ನು ನಾಲಿಗೆಯ ಮೇಲಿಟ್ಟರೆ ಮೊಸರಿನ ಹುಳಿ ಸ್ಪಷ್ಟವಾಗಿ ತಿಳಿಯಬೇಕು. ಆಗ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಸಿಯಲು ಇಡಬಹುದು. ಈ ಹುಳಿ ಬಾರದ ಗಡ್ಡೆಯನ್ನು ಉಪ್ಪುನೀರಿಗೆ ಹಾಕಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಏಕೆಂಬುದು ಮುಂದೆ ತಿಳಿಯುವುದು. ನಿಂಬೆರಸದಿಂದ ಒಡೆದ ಸಾಮಾನ್ಯ ಪನೀರನ್ನೂ ಉಪ್ಪುನೀರಿನಲ್ಲಿ ಇಡುವವರಿದ್ದಾರೆ. ಅದಕ್ಕೆ ಉಪ್ಪು ಹಿಡಿಯುತ್ತದೆ, ಹುಳಿಯಾಗಲಿ ನುಣುಪಾಗಲಿ ಬರುವುದಿಲ್ಲ.

ಇನ್ನು ಉಪ್ಪಿನ ಮಾತು. ಹೆಚ್ಚಿನವರು ನೀರಿನ ಉಪ್ಪನ್ನು ಮಾತ್ರ ಅಳೆಯುತ್ತಾರೆ. ಗಡ್ಡೆಯೊಳಗೂ ನೀರಿದೆಯೆಂಬುದನ್ನು ಮರೆಯುತ್ತಾರೆ. ಹೊಸ ಬಿಳಿ ಚೀಸಿನ ತೂಕದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ನೀರೇ ಇರುತ್ತದೆ. ಕೆಲವು ದಿನಗಳಲ್ಲಿ ಒಳಗಿನ ನೀರೂ ಹೊರಗಿನ ನೀರೂ ಸಮನಾದ ಉಪ್ಪಿಗೆ ಬಂದು ನಿಲ್ಲುತ್ತವೆ. 250 ಗ್ರಾಂ ಗಡ್ಡೆಯೊಂದನ್ನು ತೆಗೆದುಕೊಂಡರೆ ಅದರಲ್ಲಿ 150 ಗ್ರಾಂ ನೀರು. ಅದನ್ನು ಅರ್ಧ ಲೀಟರ್ ನೀರಿಗೆ 40 ಗ್ರಾಂ ಉಪ್ಪು ಬೆರೆಸಿದ ದ್ರವದಲ್ಲಿ ಮುಳುಗಿಸಿದರೆ, ಆ 40 ಗ್ರಾಂ ಉಪ್ಪು ಒಟ್ಟು 650 ಗ್ರಾಂ ನೀರಿಗೆ ಹಂಚಿಹೋಗುತ್ತದೆ. ಗಡ್ಡೆಯ ಪಾಲಿಗೆ ಬರುವುದು ಒಂಬತ್ತು ಗ್ರಾಂನಷ್ಟು. ಅಂದರೆ ನೂರು ಗ್ರಾಂ ಚೀಸಿನಲ್ಲಿ ಸುಮಾರು ಮೂರೂವರೆ ಗ್ರಾಂ ಉಪ್ಪು. ಅದೇ ಅಳತೆಯಲ್ಲಿ ಒಂದು ಲೀಟರ್ ಉಪ್ಪುನೀರು ಮಾಡಿದರೆ ಗಡ್ಡೆಯ ಪಾಲು ಹತ್ತು ಗ್ರಾಂ ಮೀರುತ್ತದೆ. ಆದುದರಿಂದ ಚೀಸನ್ನೂ ನೀರನ್ನೂ ಉಪ್ಪನ್ನೂ ತೂಗಿಯೇ ನಡೆಯಬೇಕು. ಚಮಚದ ಲೆಕ್ಕ ಇಲ್ಲಿ ನಂಬಲರ್ಹವಲ್ಲ, ಹರಳುಪ್ಪಿನ ಚಮಚಕ್ಕಿಂತ ಪುಡಿಯುಪ್ಪಿನ ಚಮಚ ಬಹಳ ಭಾರ.

ಈ ಲೆಕ್ಕ ರಕ್ತದೊತ್ತಡವಿರುವವರಿಗೆ ಬಹಳ ಮುಖ್ಯವಾದುದು. ದಿನವೊಂದಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲಿನ ಚೀಸಿನ 30 ಗ್ರಾಂ ತುಣುಕೊಂದರಲ್ಲಿಯೇ ಒಂದು ಗ್ರಾಂಗೂ ಮಿಕ್ಕು ಉಪ್ಪು ಸೇರಿಹೋಗುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿಗಳದು ಬೇರೆ. ಹಾಗೆಂದು ಉಪ್ಪುನೀರನ್ನೇ ತೆಳ್ಳಗೆ ಮಾಡಿ ಅರ್ಧದಷ್ಟು ಉಪ್ಪಿಗೆ ಇಳಿಸಿದರೆ ಚೀಸ್ ಮೆತ್ತಗಾಗಿ, ಮುಂಬಯಿಯ ಸೆಕೆಯಲ್ಲಿ ಫ್ರಿಜ್ಜಿನೊಳಗೂ ಹೆಚ್ಚು ದಿನ ಬಾಳುವುದಿಲ್ಲ. ಇದಕ್ಕೆ ಪರಿಹಾರವನ್ನು ದಕ್ಷಿಣ ಕನ್ನಡದ ಮನೆಗಳವರು ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯಿಂದ ಬಲ್ಲರು. ಸೊಳೆಯನ್ನು ಕಡು ಉಪ್ಪಿನಲ್ಲಿ ಕಾಪಾಡಿ, ಬೇಕಾದಾಗ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸುವಂತೆ, ಅಂದಂದಿಗೆ ಬೇಕಾಗುವಷ್ಟು ಚೀಸನ್ನು ಸಣ್ಣಗೆ ಹೆಚ್ಚಿ ಒಂದೆರಡು ಗಂಟೆ ತಣ್ಣೀರಿನಲ್ಲೋ ಹಾಲಿನಲ್ಲೋ ಇಟ್ಟು ಬಸಿಯಬೇಕು. ತುಂಡು ಸಣ್ಣದಾದಷ್ಟೂ ಉಪ್ಪು ಬೇಗ ಬಿಡುತ್ತದೆ. ಇಡಿಯ ಗಡ್ಡೆಯನ್ನು ನೆನೆಸಿಡುವುದು ಸಲ್ಲದು, ಸಾದಾ ನೀರು ಅದರ ಹೊರಮೈಯನ್ನು ಸಡಿಲಗೊಳಿಸುತ್ತದೆ.

ಹೊರಮೈ ಸಡಿಲಗೊಳ್ಳುವುದೇ ಈ ಕೆಲಸದಲ್ಲಿನ ದೊಡ್ಡ ತೊಂದರೆ. ಮೂರನೆಯ ದಿನ ಪಾತ್ರೆ ತೆರೆದರೆ ಚೀಸು ಒದ್ದೆ ಸಾಬೂನಿನಂತೆ ಜಾರುತ್ತದೆ. ಉಪ್ಪು ಸಾಲದಾಯಿತೆಂದು ಗೃಹಿಣಿಯರು ಇನ್ನಷ್ಟು ಸುರಿಯುತ್ತಾರೆ, ಚೀಸು ಕಡುಉಪ್ಪಾಗುತ್ತದೆ, ಜಾರುವುದು ಮಾತ್ರ ನಿಲ್ಲುವುದಿಲ್ಲ. ಕಾರಣ ಬೇರೆಯೇ ಇದೆ. ಹಾಲಿನ ಸಸಾರಜನಕವನ್ನು ಹೊಲಿಗೆಯಂತೆ ಬಿಗಿದಿಟ್ಟಿರುವುದು ಕ್ಯಾಲ್ಸಿಯಂ. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಹುಳಿಯಂತೂ ಇಲ್ಲ. ಹೀಗಾಗಿ ಚೀಸಿನ ಹೊರಪದರದಿಂದ ಕ್ಯಾಲ್ಸಿಯಂ ನೀರಿಗಿಳಿದು, ಅದರ ಸ್ಥಾನವನ್ನು ಉಪ್ಪಿನ ಸೋಡಿಯಂ ಹಿಡಿಯುತ್ತದೆ. ಹೊಲಿಗೆ ಬಿಚ್ಚಿ, ಪದರ ನೀರು ಕುಡಿದು ಉಬ್ಬುತ್ತದೆ. ಹುಳಿ ಬಾರದ ಗಡ್ಡೆಗೆ ಈ ಗತಿ ಇನ್ನೂ ಬೇಗ ಬರುತ್ತದೆ.

ಇದಕ್ಕೆ ಟೋಪ್ಲಿ ಪನೀರಿನವರ ಪದ್ಧತಿಯೇ ಒಳ್ಳೆಯದು: ನೀರಿನ ಬದಲು ಬಸಿದ ತಿಳಿನೀರು. ಅದರಲ್ಲಿ ಹುಳಿಯೂ ಕ್ಯಾಲ್ಸಿಯಮ್ಮೂ ಸಹಜವಾಗಿಯೇ ಇರುತ್ತವೆ. ಅದನ್ನು ಕುದಿಸಿ, ತೇಲಿದ ಕೆನೆಯಂಥ ಭಾಗವನ್ನು ಸೋಸಿ ತೆಗೆದು, ಚೆನ್ನಾಗಿ ಆರಿಸಿ, ಅರ್ಧ ಲೀಟರಿಗೆ 40 ಗ್ರಾಂ ಉಪ್ಪನ್ನು ಕರಗಿಸಿ, ಗಾಜಿನ ಭರಣಿಯಲ್ಲಿ ಚೀಸು ಪೂರ್ತಿ ಮುಳುಗುವಂತೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ತಿಳಿನೀರು ಸಾಲದೆ ಬರಿಯ ನೀರನ್ನೇ ಬಳಸಬೇಕಾದರೆ ಒಂದು ಚಮಚ ವಿನೆಗರನ್ನೂ, ಚಿಟಿಕೆ ಆಹಾರಯೋಗ್ಯ ಕ್ಯಾಲ್ಸಿಯಂ ಕ್ಲೋರೈಡನ್ನೂ ಬೆರೆಸಬೇಕು. ಜಾರತೊಡಗಿದ ಚೀಸನ್ನು ಆ ದಿನವೇ ಗಮನಿಸಿದರೆ ಹೊರಪದರವನ್ನು ತೆಳ್ಳಗೆ ಹೆರೆದು ಹೊಸ ತಿಳಿನೀರಿಗೆ ವರ್ಗಾಯಿಸಿ ಉಳಿಸಿಕೊಳ್ಳಬಹುದು. ನೀರಿನಿಂದ ಗುಳ್ಳೆಗಳೇಳುತ್ತಿದ್ದರೆ, ಗಡ್ಡೆ ಊದಿದ್ದರೆ, ಕೆಟ್ಟ ವಾಸನೆಯೋ ಬಣ್ಣದ ಬೂಷ್ಟೋ ಕಂಡರೆ ಮಾತ್ರ ಯಾವ ಮರುಕವೂ ಇಲ್ಲದೆ ಚೆಲ್ಲಿಬಿಡಬೇಕು.

ಮೂರು ಬೆರಳಗಲದ ತುಂಡುಗಳಿಗೆ ನಾಲ್ಕಾರು ದಿನಗಳಲ್ಲಿ ಒಳಗಿನವರೆಗೂ ಉಪ್ಪು ಹಿಡಿಯುತ್ತದೆ. ನಡುವೆ ಸೀಳಿ ಅಂಚಿನ ಚೂರನ್ನೂ ಒಡಲಿನ ಚೂರನ್ನೂ ಬೇರೆ ಬೇರೆಯಾಗಿ ಸವಿದು ನೋಡಿದಾಗ ಎರಡರ ರುಚಿಯೂ ಒಂದೇ ಆಗಿದ್ದರೆ ಚೀಸು ಸಿದ್ಧವಾದಂತೆ. ಬೆರಳಿನಲ್ಲಿ ಒತ್ತಿದರೆ ಅದು ಹಿಸುಕಿಹೋಗದೆ ಹರಳಾಗಿ ಮುರಿಯಬೇಕು. ಅನಂತರ ಸೌತೆಕಾಯಿ, ಟೊಮೇಟೊಗಳ ಕೋಸಂಬರಿಯ ಮೇಲೆ ಅದನ್ನು ಪುಡಿಮಾಡಿ ಉದುರಿಸುವವರು ಆ ದಿನ ಕೋಸಂಬರಿಗೆ ಬೇರೆ ಉಪ್ಪು ಹಾಕಬೇಕಾಗಿಲ್ಲ.