ಮೂರರಿಂದ ಭಾಗಿಸುವ ಮೊದಲು

1913ರ ಅಕ್ಟೋಬರ್ 18. ಕೆನಡಾದ ವಿನ್ನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಕಾಂಕ್ರೀಟ್ ಕಣಜ ನೆಲಕ್ಕೆ ಇಳಿಯತೊಡಗಿತು. ಹತ್ತು ಲಕ್ಷ ಬುಷೆಲ್ ಹಿಡಿಯುವ ಆ ಕಣಜದಲ್ಲಿ ಸುಮಾರು ಎಂಟೂಮುಕ್ಕಾಲು ಲಕ್ಷ ಬುಷೆಲ್ ಧಾನ್ಯವಿತ್ತು. ಒಂದು ಗಂಟೆಯೊಳಗೆ ಒಂದಡಿ ಕೆಳಗಿಳಿದ ಕಟ್ಟಡ, ಮರುದಿನದ ಹೊತ್ತಿಗೆ 27 ಡಿಗ್ರಿಯಷ್ಟು ವಾಲಿ ನಿಂತಿತು. ಕಾಂಕ್ರೀಟಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಸೋತದ್ದು ಅಡಿಯಲ್ಲಿದ್ದ ಜೇಡಿಮಣ್ಣು.

ಆ ಹೊತ್ತಿಗೆ ಪಾಯದ ತಳದಲ್ಲಿದ್ದ ಒತ್ತಡ ಚದರ ಮೀಟರಿಗೆ ಸುಮಾರು 30 ಟನ್. ಆದರೆ ಈ 30 ಟನ್ನೂ ಮಣ್ಣಿಗೆ ಹೊಸ ಹೊರೆಯಾಗಿರಲಿಲ್ಲ. ಪಾಯದ ತಳ ಇದ್ದದ್ದು 12 ಅಡಿ, ಅಂದರೆ 3.7 ಮೀಟರ್ ಆಳದಲ್ಲಿ. ಅಗೆದು ತೆಗೆದ ಮಣ್ಣೇ ಚದರ ಮೀಟರಿಗೆ ಆರೇಳು ಟನ್ ತೂಗುತ್ತಿತ್ತು, ಅಷ್ಟನ್ನು ಆ ನೆಲ ಮೊದಲಿನಿಂದಲೂ ಹೊತ್ತಿತ್ತು. ಒಟ್ಟು ಒತ್ತಡವನ್ನು ಎಂಜಿನಿಯರುಗಳು ‘ಗ್ರಾಸ್’ ಎನ್ನುತ್ತಾರೆ. ಹಳೆಯ ಮಣ್ಣಿನ ಭಾರ ಕಳೆದು ಉಳಿದದ್ದು ‘ನೆಟ್’. ಮಣ್ಣು ಕುಸಿಯುವ ಹಂತದ ಒತ್ತಡವನ್ನು ಹೀಗೆ ಲೆಕ್ಕ ಹಾಕಿದರೆ ಒಂದು ಗ್ರಾಸ್ ಅಲ್ಟಿಮೇಟ್, ಇನ್ನೊಂದು ನೆಟ್ ಅಲ್ಟಿಮೇಟ್.

ಈಗ ಒಂದು ಮನೆಯ ಪಾಯಕ್ಕೆ ಬರೋಣ. ಎರಡು ಮೀಟರ್ ಉದ್ದ, ಅಷ್ಟೇ ಅಗಲದ ಫೂಟಿಂಗ್. ಆಳ ಒಂದೂವರೆ ಮೀಟರ್. ಜೇಡಿಮಣ್ಣಿನ ಅಂಟುಬಲ ಚದರ ಮೀಟರಿಗೆ 5 ಟನ್, ತೂಕ ಘನ ಮೀಟರಿಗೆ 1.8 ಟನ್. ಟೆರ್ಜಾಗಿಯ ಸೂತ್ರದಲ್ಲಿ ಇಂಥ ಮಣ್ಣಿಗೆ 5.7 ಎಂಬ ಗುಣಕ, ಚೌಕ ಫೂಟಿಂಗಿಗೆ ಇನ್ನೊಂದು 1.3. ಎಲ್ಲ ಗುಣಿಸಿದರೆ 37.05 ಟನ್. ಇದು ಮಣ್ಣು ತನ್ನ ಬಲದಿಂದ ತಾಳುವ ಪಾಲು. ಸುತ್ತಲಿನ ಒಂದೂವರೆ ಮೀಟರ್ ಮಣ್ಣು ಅಂಚಿನಲ್ಲಿ ಒತ್ತಿ ಹಿಡಿದು ಕೊಡುವ ಆಸರೆ 2.7 ಟನ್. ಎರಡೂ ಸೇರಿ ಗ್ರಾಸ್ ಅಲ್ಟಿಮೇಟ್ 39.75. ಅದರಲ್ಲಿ 2.7 ಕಳೆದರೆ ನೆಟ್ ಅಲ್ಟಿಮೇಟ್ ಮತ್ತೆ 37.05.

ಸುರಕ್ಷತಾ ಗುಣಾಂಕ ಸಾಮಾನ್ಯವಾಗಿ 3. ಅದರಿಂದ ಯಾವುದನ್ನು ಭಾಗಿಸಬೇಕು? ನೆಟ್ ಅಲ್ಟಿಮೇಟನ್ನು. ಮಣ್ಣಿನ ಬಲದ ಬಗ್ಗೆ ಅನುಮಾನ ಇದ್ದೇ ಇರುತ್ತದೆ, ಬೋರ್ ಹೊಡೆದ ಜಾಗದಲ್ಲಿ ಸಿಕ್ಕ ಮಾದರಿ ಇಡೀ ನಿವೇಶನದ ಗುಣ ಹೇಳದೆ ಇರಬಹುದು. ಅಗೆದು ತೆಗೆದ ಮಣ್ಣಿನ ತೂಕದಲ್ಲಿ ಅಂಥ ಅನುಮಾನಕ್ಕೆ ಎಡೆಯಿಲ್ಲ. ಆ ಭಾರವನ್ನು ನೆಲ ಹೊತ್ತು ತೋರಿಸಿಯೂ ಆಗಿದೆ. ಹಾಗಾಗಿ 37.05ನ್ನು 3ರಿಂದ ಭಾಗಿಸಿದರೆ 12.35 ಟನ್, ಇದೇ ನೆಟ್ ಸೇಫ್. ಗ್ರಾಸ್ ಸೇಫ್ ಬೇಕಿದ್ದರೆ ಇದಕ್ಕೆ 2.7ನ್ನು ಇಡಿಯಾಗಿ, ಭಾಗಿಸದೆ ಕೂಡಿಸಬೇಕು: 15.05.

ಎಡವಟ್ಟಾಗುವುದು ಗ್ರಾಸನ್ನೇ 3ರಿಂದ ಭಾಗಿಸಿದಾಗ. 39.75ರ ಮೂರನೇ ಒಂದು ಪಾಲು 13.25. ಇದನ್ನು ಗ್ರಾಸ್ ಎಂದೇ ತಿಳಿದು ಬಳಸಿದರೆ ಫೂಟಿಂಗ್ ಬೇಕಿದ್ದಕ್ಕಿಂತ ದೊಡ್ಡದಾಗುತ್ತದೆ, ಖರ್ಚು ಹೆಚ್ಚುತ್ತದೆ, ಅಷ್ಟೇ. ನೆಟ್ ಎಂದು ತಿಳಿದು ಬಳಸಿದರೆ ಮಾತ್ರ 3 ಇರಬೇಕಾದ ಸುರಕ್ಷತೆ ಸದ್ದಿಲ್ಲದೆ 2.8ಕ್ಕೆ ಇಳಿಯುತ್ತದೆ. ಇಷ್ಟು ಆಳಕ್ಕೆ ಇದು ದೊಡ್ಡ ಸಂಗತಿಯಲ್ಲ ಎನ್ನಬಹುದು. ನೆಲಮಾಳಿಗೆಗಾಗಿ ನಾಲ್ಕೂವರೆ ಮೀಟರ್ ಇಳಿದರೆ ಸುತ್ತಲಿನ ಮಣ್ಣಿನ ಪಾಲು 8.1 ಟನ್ ಆಗುತ್ತದೆ. ಮಣ್ಣಿನ ಬಲ ಅಷ್ಟೇ ಇದೆ ಎಂದಿಟ್ಟುಕೊಂಡರೂ ಅದೇ ತಪ್ಪು ಲೆಕ್ಕ ಸುರಕ್ಷತೆಯನ್ನು 2.46ಕ್ಕೆ ತಂದು ನಿಲ್ಲಿಸುತ್ತದೆ.

ನಮ್ಮಲ್ಲಿ ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ‘ಎಸ್‌ಬಿಸಿ’ ಎಂಬ ಒಂದೇ ಸಂಖ್ಯೆಯ ಮೇಲೆ. ಅದು ಗ್ರಾಸೋ ನೆಟ್ಟೋ, ಎಷ್ಟು ಆಳಕ್ಕೆ ಲೆಕ್ಕ ಹಾಕಿದ್ದು ಎಂದು ಪಕ್ಕದಲ್ಲಿ ಬರೆದಿರದಿದ್ದರೆ ಕೇಳಲೇಬೇಕು. ಎದುರಿಗೆ ಇಡುವ ಭಾರವೂ ಅದೇ ಜಾತಿಯದಾಗಿರಬೇಕು. ನಮ್ಮ ಫೂಟಿಂಗಿನ ಮೇಲಿನ ಕಾಲಂ 48 ಟನ್ ಇಳಿಸಿದರೆ ಒತ್ತಡ ಚದರ ಮೀಟರಿಗೆ 12 ಟನ್. ಅರ್ಧ ಮೀಟರ್ ದಪ್ಪದ ಕಾಂಕ್ರೀಟ್, ತಾನು ಕೂತ ಜಾಗದ ಮಣ್ಣಿಗಿಂತ ಘನ ಮೀಟರಿಗೆ 0.7 ಟನ್ ಹೆಚ್ಚು ಭಾರ, ಅದರಿಂದ 0.35. ಮೇಲೆ ಮತ್ತೆ ತುಂಬುವ ಮಣ್ಣು ತೆಗೆದದ್ದಕ್ಕೆ ಸಮ. ಒಟ್ಟು 12.35, ಅನುಮತಿಯ ಅಂಚಿಗೆ ಸರಿಯಾಗಿ. ಫೂಟಿಂಗ್ ಮತ್ತು ಮಣ್ಣಿನ ಪೂರ್ತಿ ತೂಕವನ್ನು ಕೂಡಿಸಿ ನೆಟ್ ಸೇಫ್ ಜತೆ ಹೋಲಿಸಿದ್ದರೆ ಇದೇ ಫೂಟಿಂಗ್ ಸಾಲದು ಎಂಬ ಉತ್ತರ ಬರುತ್ತಿತ್ತು.

ಈ ಲೆಕ್ಕಕ್ಕೂ ಮಿತಿಗಳಿವೆ. ಪಕ್ಕದ ನಿವೇಶನದವರು ನಾಳೆ ನಿಮ್ಮ ಪಾಯದ ಮಟ್ಟದವರೆಗೆ ಅಗೆದರೆ ಆ ಬದಿಯ 2.7 ಟನ್ ಆಸರೆ ಹೋಗಿಬಿಡುತ್ತದೆ, ಅಷ್ಟನ್ನು ಇಡಿಯಾಗಿ ನಂಬಿದ ಲೆಕ್ಕವೂ ಹುಸಿಯಾಗುತ್ತದೆ. ಟ್ರಾನ್ಸ್‌ಕೋನಾದಲ್ಲಿ ಪೆಕ್ ಮತ್ತು ಬ್ರ್ಯಾಂಟ್ ದಶಕಗಳ ಬಳಿಕ, 1951ರಲ್ಲಿ ಬೋರ್ ಹೊಡೆಸಿ ನೋಡಿದಾಗ ಗಟ್ಟಿ ಜೇಡಿಯ ಕೆಳಗೆ ಮೆತ್ತನೆಯ ಜೇಡಿ ಸಿಕ್ಕಿತು. ಅಗಲವಾದ ಪಾಯದ ಒತ್ತಡ ಅಲ್ಲಿಗೂ ತಲುಪುತ್ತದೆ. ಇನ್ನು, ಕುಸಿಯದ ಮಣ್ಣೂ ಕುಗ್ಗಬಹುದು. ಕುಗ್ಗುವಿಕೆಯ ಲೆಕ್ಕ 12.35ಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ ವಿನ್ಯಾಸಕ್ಕೆ ಬಳಸಬೇಕಾದದ್ದು ಅದನ್ನೇ.