ತೆರಿಗೆ ಅಧಿಕಾರಿ ಅಂಗಡಿ ಮೆಟ್ಟಿಲೇರಿದಾಗ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು, 'ನಗದು ಮಾತ್ರ' ಎಂದು ಚೀಟಿ ಅಂಟಿಸಿದರು. ನೋಟಿಸಿಗಾದರೆ ಆಡಿಟರನ್ನು ಕೇಳಿ ನಿಧಾನವಾಗಿ ಉತ್ತರ ಬರೆಯಬಹುದು. ಗಿರಾಕಿಗಳು ನಿಂತಿರುವಾಗಲೇ ಅಧಿಕಾರಿಗಳು ಒಳಬಂದು "ಲೆಕ್ಕದ ಪುಸ್ತಕ ತೆಗೀರಿ" ಎಂದರೆ ಅಷ್ಟು ವ್ಯವಧಾನ ಇರುವುದಿಲ್ಲ.

ಬಾಗಿಲು ಹಾಕುವುದಂತೂ ಬೇಡ. ಅಧಿಕೃತ ಶೋಧಕ್ಕೆ ಅಡ್ಡಿ ಮಾಡಿದರೆ ಬೀಗ, ಬೀರು ಒಡೆದು ತೆಗೆಯುವ ಅಧಿಕಾರವನ್ನು ಜಿಎಸ್‌ಟಿ ಕಾಯ್ದೆಯ 67ನೇ ಕಲಂ ಕೊಟ್ಟಿದೆ. ಕೂರಿಸಿ, ನೀರು ಕೊಟ್ಟು, ಮೊದಲು ಕೇಳಬೇಕಾದದ್ದು ಇಷ್ಟೇ: "ಸಾರ್, ನಿಮ್ಮ ಗುರುತಿನ ಚೀಟಿ, ಆಥರೈಸೇಷನ್ ತೋರಿಸಿ. ಯಾವ ಕಲಂ ಪ್ರಕಾರ ಬಂದಿದ್ದೀರಿ?" ಇದನ್ನು ಕೇಳುವುದು ಉದ್ಧಟತನವಲ್ಲ.

ಕಲಂ ಯಾವುದೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. 67ನೇ ಕಲಮಿನ ತಪಾಸಣೆ ಅಥವಾ ಶೋಧವಾದರೆ ಜಂಟಿ ಆಯುಕ್ತರಾಗಲಿ, ಅವರಿಗಿಂತ ಮೇಲಿನವರಾಗಲಿ ಸಹಿ ಮಾಡಿದ ಐಎನ್‌ಎಸ್-01 ನಮೂನೆಯ ಪತ್ರ ಇರಲೇಬೇಕು. ಅದರಲ್ಲಿ ಬಂದಿರುವ ಅಧಿಕಾರಿಯ ಹೆಸರು, ನಿಮ್ಮದೇ ಅಂಗಡಿಯ ವಿಳಾಸ, ಗುರುತು ಹಾಕಿದ ಕಾರಣ, ಎಷ್ಟು ದಿನ ಚಾಲ್ತಿ ಎಂಬುದನ್ನು ಓದಿಕೊಳ್ಳಿ. ತಪಾಸಣೆ ಎಂದರೆ ನೋಡುವುದು, ಎಣಿಸುವುದು. ಪುಸ್ತಕ ಜಪ್ತಿ ಮಾಡಿ ಒಯ್ಯುವುದು ಶೋಧಕ್ಕೆ ಸೇರಿದ ಅಧಿಕಾರ. ಆಗ ಒಯ್ದ ಪ್ರತಿಯೊಂದರ ಪಟ್ಟಿ ಐಎನ್‌ಎಸ್-02 ನಮೂನೆಯಲ್ಲಿ ನಿಮ್ಮ ಕೈಗೆ ಬರಬೇಕು. ಸಾಮಾನ್ಯವಾಗಿ ಅವುಗಳ ನಕಲು ಪಡೆಯುವ ಹಕ್ಕೂ ನಿಮಗಿದೆ.

71ನೇ ಕಲಮಿನಲ್ಲಿ ಬಂದವರು ಅಂಗಡಿಯಲ್ಲಿರುವ ಲೆಕ್ಕ, ಕಂಪ್ಯೂಟರ್ ನೋಡಬಹುದು. ಅವರಿಗೂ ಮೇಲಧಿಕಾರಿಯ ಅನುಮತಿ ಬೇಕು. ಅವರು ಕೇಳಿದ ದಾಖಲೆ ಒದಗಿಸಲು 15 ಕೆಲಸದ ದಿನಗಳವರೆಗೆ ಅವಕಾಶವಿದೆ. "ಎಲ್ಲಾ ಆಡಿಟರ್ ಹತ್ರ ಇದೆ" ಎಂಬ ನಮ್ಮವರ ಮಾಮೂಲಿ ಉತ್ತರ ಮಾತ್ರ ಸಲ್ಲದು. ಲೆಕ್ಕವನ್ನು ನೋಂದಾಯಿತ ಮುಖ್ಯ ವ್ಯಾಪಾರ ಸ್ಥಳದಲ್ಲೇ ಇಟ್ಟಿರಬೇಕೆಂಬುದು ಕಾನೂನು. "ಬಿಲ್ಲು, ಟ್ಯಾಲಿ ಇಲ್ಲೇ ಇದೆ ಸಾರ್, ನೋಡಿ. ಹೋದ ವರ್ಷದ ಬ್ಯಾಲೆನ್ಸ್ ಶೀಟ್ ಆಡಿಟರಿಂದ ತರಿಸಬೇಕು, ದಿನ ಕೊಡಿ" ಎಂದರೆ ಅದು ಉತ್ತರ.

ಹೆಚ್ಚಿನ ಅಂಗಡಿಗಳಲ್ಲಿ ಪೇಚಿಗೆ ಸಿಗುವುದು ಸ್ಟಾಕ್ ಎಣಿಕೆಯಲ್ಲಿ. ಒಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳಿ. ಟ್ಯಾಲಿಯಲ್ಲಿರುವ ಸ್ಟಾಕ್ 18 ಲಕ್ಷ ರೂಪಾಯಿ, ಎಣಿಸಿದಾಗ ಬಂದದ್ದು 21.60 ಲಕ್ಷ. 3.60 ಲಕ್ಷದ ಮಾಲು ಲೆಕ್ಕದಲ್ಲೇ ಇಲ್ಲ ಎಂದು ಬರೆದಾರು. ದರ ಯಾವುದು ಹಾಕಿದಿರಿ ಎಂದು ಆಗಲೇ ಕೇಳಬೇಕು. ಟ್ಯಾಲಿಯಲ್ಲಿರುವುದು ಕೊಂಡ ದರ, ಎಣಿಸಿದವರು ಹಾಕಿದ್ದು ಮಾರುವ ದರ ಎಂದಾದರೆ, ಕೊಂಡ ದರದಲ್ಲಿ ಅದೇ ಮಾಲು 19.20 ಲಕ್ಷವಷ್ಟೇ ಆಗಬಹುದು. ಉಳಿದದ್ದು 1.20 ಲಕ್ಷ. ಅದರಲ್ಲಿ 90 ಸಾವಿರದ್ದು ನಿನ್ನೆ ಸಂಜೆ ಇಳಿದ ಪೇಂಟ್ ಡಬ್ಬಗಳು. ಬಿಲ್ಲು, ಇ-ವೇ ಬಿಲ್ಲು ಗಲ್ಲಾದಲ್ಲೇ ಇವೆ, ಎಂಟ್ರಿ ಆಗಿಲ್ಲ ಅಷ್ಟೇ. ಕೊನೆಗೆ ಉತ್ತರ ಬೇಕಾದದ್ದು 30 ಸಾವಿರಕ್ಕೆ. ಅದಕ್ಕೊಂದು ಕತೆ ಕಟ್ಟಬೇಡಿ. "ಇದನ್ನು ನೋಡಿ ಹೇಳಬೇಕು, ಬರವಣಿಗೆಯಲ್ಲಿ ಕೊಡುತ್ತೇನೆ" ಎನ್ನಿ. ಈ ವಿವರಣೆಯೆಲ್ಲ ಬಾಯಿಮಾತಾಗಿ ಉಳಿದರೆ ಪ್ರಯೋಜನವಿಲ್ಲ. ಯಾವ ದರದಲ್ಲಿ ಎಣಿಸಿದರು, ಯಾವ ಬಿಲ್ಲು ತೋರಿಸಿದಿರಿ ಎಂಬುದು ಮಹಜರಿನಲ್ಲಿ ಸೇರಬೇಕು. ಸೇರಿಸಲು ಒಪ್ಪದಿದ್ದರೆ ಮರುದಿನವೇ ಅರ್ಜಿ ಬರೆದು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೇಳಿಕೆಗೂ ಇದೇ ಮಾತು. ಓದದೆ ಸಹಿ ಬೇಡ. ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ. ಕೌಂಟರಿನಲ್ಲಿ ನಿಂತಿರುವ ಹುಡುಗನಿಗೆ ವರ್ಷದ ವಹಿವಾಟು ಎಷ್ಟೆಂದು ಗೊತ್ತಿರುವುದಿಲ್ಲ. "ಯಜಮಾನರನ್ನು ಕರೆಸುತ್ತೇನೆ ಸಾರ್" ಎಂದಷ್ಟೇ ಹೇಳಿ ಸುಮ್ಮನಿರಲು ಅವನಿಗೆ ಮೊದಲೇ ಹೇಳಿಕೊಟ್ಟಿರಿ.

ರಾತ್ರಿಯಾಗುತ್ತ ಬಂದಂತೆ "ಒಂದಿಷ್ಟು ಕಟ್ಟಿಬಿಡಿ, ಮುಗಿಸೋಣ" ಎಂಬ ಮಾತು ಬಂದೀತು. ತಪ್ಪಾಗಿರುವುದು ನಿಮಗೇ ಗೊತ್ತಿದ್ದರೆ ಡಿಆರ್‌ಸಿ-03 ನಮೂನೆಯಲ್ಲಿ ಪೋರ್ಟಲ್ ಮೂಲಕ ನೀವಾಗಿ ಕಟ್ಟುವುದು ಲಾಭವೇ, ದಂಡ ತಗ್ಗುತ್ತದೆ. ಆದರೆ ಶೋಧದ ವೇಳೆ ಒತ್ತಾಯದ ವಸೂಲಿ ಕೂಡದೆಂದು ಕೇಂದ್ರ ಮಂಡಳಿಯೇ 2022ರ ಮೇ 25ರಂದು ತನ್ನ ಅಧಿಕಾರಿಗಳಿಗೆ ಸೂಚಿಸಿದೆ. ಲೆಕ್ಕ ನಿಕ್ಕಿಯಾಗಿಲ್ಲದಿದ್ದರೆ "ಆಡಿಟರ್ ಜೊತೆ ಕೂತು ನೋಡುತ್ತೇನೆ, ನೋಟಿಸ್ ಕೊಡಿ ಸಾರ್, ಉತ್ತರ ಕೊಡುತ್ತೇನೆ" ಎನ್ನಲು ಅಳುಕಬೇಕಿಲ್ಲ. ಕೈಗೆ ನಗದು ಕೇಳಿದರೆ ಅದು ತೆರಿಗೆಯಲ್ಲ, ಲಂಚ. ಅದರ ದೂರು ಹೋಗಬೇಕಾದದ್ದು ಲೋಕಾಯುಕ್ತಕ್ಕೆ, ಕೇಂದ್ರದ ಅಧಿಕಾರಿಯಾದರೆ ಸಿಬಿಐಗೆ.