ನೆಗ್ಗಿಲ ಮಾತ್ರೆಯಿಂದ ಏರದ ಹಾರ್ಮೋನು

ಹೊಲದ ಬದುವಿನಲ್ಲಿ ನೆಲಕ್ಕೆ ಹಬ್ಬಿ, ಹಳದಿ ಹೂ ಬಿಟ್ಟು, ಬರಿಗಾಲಿಗೆ ಚುಚ್ಚುವ ಕಾಯಿ ಕೊಡುವ ನೆಗ್ಗಿಲು ಬಯಲುಸೀಮೆಯವರಿಗೆ ಗೊತ್ತು. ಆಯುರ್ವೇದ ಇದನ್ನೇ ಗೋಕ್ಷುರ ಎನ್ನುತ್ತದೆ. ಇದರ ಸಾರವನ್ನು ಮಾತ್ರೆ ಮಾಡಿ, ‘ಟ್ರಿಬ್ಯುಲಸ್’ ಎಂಬ ಹೆಸರಿನಲ್ಲಿ ಜಿಮ್‌ಗೆ ಹೋಗುವ ಹುಡುಗರಿಗೆ ಮಾರುತ್ತಾರೆ. ಟೆಸ್ಟೋಸ್ಟೆರಾನ್ ಏರುತ್ತದೆ, ಮೈಕಟ್ಟು ಬರುತ್ತದೆ ಎಂಬುದು ಭರವಸೆ.

ಈ ನಂಬಿಕೆ ಹೆಚ್ಚಾಗಿ ಹರಡಿದ್ದು ಬಲ್ಗೇರಿಯಾದಿಂದ. ಅದನ್ನು ಪರೀಕ್ಷಿಸಿದವರೂ ಅಲ್ಲಿನ ವಿಜ್ಞಾನಿಗಳೇ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೆಚೆವ್ ಮತ್ತು ಮಿತೆವ್, 20ರಿಂದ 36 ವಯಸ್ಸಿನ 21 ಆರೋಗ್ಯವಂತ ಗಂಡಸರನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ನಾಲ್ಕು ವಾರ ಟ್ರಿಬ್ಯುಲಸ್ ಸಾರ ಕೊಟ್ಟರು. 70 ಕಿಲೋ ತೂಕದವನಿಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಗುಂಪಿನಲ್ಲಿ 700 ಮಿಲಿಗ್ರಾಂ, ಇನ್ನೊಂದರಲ್ಲಿ 1400. ಮೂರನೆಯ ಗುಂಪಿಗೆ ಸಾರ ಕೊಡಲಿಲ್ಲ. ನಡುನಡುವೆ ರಕ್ತ ಪರೀಕ್ಷಿಸುತ್ತಲೇ ಇದ್ದರು. ಟೆಸ್ಟೋಸ್ಟೆರಾನ್ ಏರಲಿಲ್ಲ, ಅದನ್ನು ತಯಾರಿಸಲು ವೃಷಣಕ್ಕೆ ಆಜ್ಞೆ ಕೊಡುವ ಎಲ್‌ಎಚ್ ಹಾರ್ಮೋನೂ ಏರಲಿಲ್ಲ. ಈ ಸಾರ ಎಲ್‌ಎಚ್ ಹೆಚ್ಚಿಸುತ್ತದೆ ಎಂಬುದೇ ಮಾರುವವರ ವಾದದ ಬುಡವಾಗಿತ್ತು. 2007ರಲ್ಲಿ ಆಸ್ಟ್ರೇಲಿಯಾದ ರಗ್ಬಿ ಆಟಗಾರರು ಐದು ವಾರ ಇದನ್ನು ನುಂಗಿ ಕಸರತ್ತು ಮಾಡಿದರು. ಹುಸಿಮಾತ್ರೆ ತಿಂದವರಿಗಿಂತ ಅವರ ಬಲವೂ ಹೆಚ್ಚಲಿಲ್ಲ, ಸ್ನಾಯುವೂ ಹೆಚ್ಚಲಿಲ್ಲ.

ಇನ್ನು, ಆರೋಗ್ಯವಂತ ದೇಹ ಈ ಹಾರ್ಮೋನನ್ನು ಸುಮ್ಮನೆ ಏರಲು ಬಿಡುವುದೂ ಇಲ್ಲ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದ್ದರೆ ಮಿದುಳು ಅದನ್ನು ಗಮನಿಸಿ ಎಲ್‌ಎಚ್ ತಗ್ಗಿಸುತ್ತದೆ.

ಹಾಗಿದ್ದರೆ “ನನ್ನ ರಿಪೋರ್ಟ್‌ನಲ್ಲೇ ಏರಿದೆಯಲ್ಲ” ಎನ್ನುವವರ ಮಾತು? ಅಲ್ಲಿ ಗಡಿಯಾರ ನೋಡಬೇಕು. ಯುವಕರಲ್ಲಿ ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು, ಸಂಜೆಯ ಹೊತ್ತಿಗೆ ಸಾಕಷ್ಟು ಇಳಿಯುತ್ತದೆ. ಮಾತ್ರೆ ಶುರು ಮಾಡುವ ಮುನ್ನ ಸಂಜೆ, ತಿಂಗಳಾದ ಮೇಲೆ ಬೆಳಿಗ್ಗೆ ರಕ್ತ ಕೊಟ್ಟರೆ, ಏನನ್ನೂ ತಿನ್ನದಿದ್ದರೂ ಅಂಕಿ ಏರಿರುತ್ತದೆ. ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. 2011ರ ಒಂದು ಪ್ರಯೋಗದಲ್ಲಿ ರಾತ್ರಿಗೆ ಐದೇ ಗಂಟೆ ಮಲಗಿದ ಯುವಕರ ಹಗಲಿನ ಟೆಸ್ಟೋಸ್ಟೆರಾನ್ ಒಂದೇ ವಾರದಲ್ಲಿ ಶೇ 10ರಿಂದ 15ರಷ್ಟು ಕುಸಿದಿತ್ತು. ಜಿಮ್‌ಗೆ ಸೇರಿದವನು ಹೊತ್ತಿಗೆ ಸರಿಯಾಗಿ ಮಲಗತೊಡಗಿ ಚೇತರಿಸಿಕೊಂಡರೂ ಕೀರ್ತಿ ಮಾತ್ರೆಗೆ ಹೋಗುತ್ತದೆ.

ನನಗೆ ನಿಜಕ್ಕೂ ಭಯವಾಗುವುದು, ಯಾವುದಾದರೂ ಡಬ್ಬಿ ಕೆಲವೇ ವಾರಗಳಲ್ಲಿ ಅದ್ಭುತ ತೋರಿಸಿದಾಗ. ಇಂಥ ಉತ್ಪನ್ನಗಳಲ್ಲಿ ಲೇಬಲ್ ಮೇಲೆ ಬರೆಯದ ಸ್ಟೀರಾಯ್ಡ್ ಬೆರೆತಿದ್ದದ್ದು ಪತ್ತೆಯಾಗಿದೆ. ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಎಲ್‌ಎಚ್ ಕುಸಿಯುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಮುಖ, ಬೆನ್ನಿನ ತುಂಬ ಮೊಡವೆ ಎದ್ದರೆ, ಮೊಲೆತೊಟ್ಟಿನ ಹಿಂದೆ ನೋಯುವ ಗಂಟು ಸಿಕ್ಕರೆ ಡಬ್ಬಿಯನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು.

ಕಾಮಾಸಕ್ತಿ ತಗ್ಗಿ, ಸುಸ್ತು ಬಿಡದೆ ಕಾಡುವವರು ಎರಡು ಬೇರೆ ದಿನ, ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಲಿ. ಎರಡೂ ಸಲ ಕಡಿಮೆ ಬಂದರೆ ಎಲ್‌ಎಚ್ ನೋಡಿ, ತೊಂದರೆ ವೃಷಣದಲ್ಲೋ ಮಿದುಳಿನ ಕಡೆಯೋ ಎಂದು ವೈದ್ಯರು ಗುರುತಿಸುತ್ತಾರೆ.